ಥಂಡಿ ಖೋಲಿಗೆ ಹೀಟರ್ ತರುವ ಮೊದಲು

ತಮ್ಮಾ,

ಗೋಕಾಕದಲ್ಲಿ ಬಾಡಿಗೆ ಖೋಲಿ ಹಿಡಿದಿದ್ದೀ, ಬಾಣಂತನ ಮುಗಿಸಿಕೊಂಡು ಸೊಸೆ ಕೂಸಿನ ಜೊತೆ ಡಿಸೆಂಬರಿಗೆ ಬರುತ್ತಾಳೆ ಅಂತ ನಿನ್ನ ಅವ್ವ ಹೇಳಿದಳು. "ದೊಡ್ಡಪ್ಪಾ, ಎಂಥ ಹೀಟರ್ ತರಲಿ, ಬಿಲ್ಲು ಎಷ್ಟು ಬಂದೀತು" ಎಂದು ನೀನು ಫೋನಿನಲ್ಲಿ ಕೇಳಿದೆ. ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ವೈರಿಂಗ್ ಕೆಲಸದಲ್ಲೇ ತಲೆ ನೆರೆಸಿದವ. ಹುಕ್ಕೇರಿ ಕಡೆಯ ಹಳ್ಳಿಗಳಲ್ಲೂ ಮೂಡಲಗಿಯ ಬಾಡಿಗೆ ಖೋಲಿಗಳಲ್ಲೂ ಕರಕಲಾದ ಪ್ಲಗ್ಗು, ಸೀಳಿದ ಕಾಯಿಲ್, ಕರಗಿದ ಬಕೀಟು ಸಾಕಷ್ಟು ನೋಡಿದ್ದೇನೆ. ಓದಿದ ಮೇಲೆ ಇದನ್ನು ಮೂಡಲಗಿಯಲ್ಲಿರುವ ನಿನ್ನ ತಂಗಿಗೂ ಊರಲ್ಲಿರುವ ಅಪ್ಪ-ಅವ್ವನಿಗೂ ಓದಿ ಹೇಳು. ಥಂಡಿ ಮೂವರ ಮನೆಯಲ್ಲೂ ಇದೆ.

ಮೊದಲು ನಮ್ಮ ಕಡೆಯ ಥಂಡಿ ಎಂಥದು ನೋಡು. ಡಿಸೆಂಬರ್, ಜನವರಿಯಲ್ಲಿ ನಸುಕಿನ ಹೊತ್ತಿಗೆ ಹದಿಮೂರು ಹದಿನಾಲ್ಕು ಡಿಗ್ರಿಗೆ ಇಳಿಯುತ್ತದೆ, ಕೆಲವು ದಿನ ಇನ್ನೂ ಕೆಳಗೆ. ಆದರೆ ಬಿಸಿಲು ಏರಿದ ಮೇಲೆ ಶಾಲು ತೆಗೆದಿಡಬೇಕಾಗುತ್ತದೆ. ಅಂದರೆ ನಮಗೆ ಚಳಿ ಕಾಡುವುದು ಮಲಗುವ ಮುಂಚೆ ಸ್ವಲ್ಪ ಹೊತ್ತು, ಆಮೇಲೆ ನಸುಕಿನಿಂದ ಎಂಟು ಗಂಟೆಯವರೆಗೆ. ದಿಲ್ಲಿ, ಶಿಮ್ಲಾದವರ ಹಾಗೆ ರಾತ್ರಿಯಿಡೀ ಹೀಟರ್ ಉರಿಸುವ ಅಗತ್ಯ ನಮಗಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಬಿಲ್ಲಿನ ಅರ್ಧ ಚಿಂತೆಯೂ ಅಪಾಯದ ಅರ್ಧ ಪಾಲೂ ಅಲ್ಲಿಗೇ ಕಡಿಮೆಯಾಗುತ್ತದೆ.

ಅಂಗಡಿಯಲ್ಲಿ ಮೂರು ಬಗೆ ತೋರಿಸುತ್ತಾರೆ. ಕೆಂಪಗೆ ಕಾಯುವ ಕೊಳವೆಯದು, ಫ್ಯಾನು ಇರುವ ಬ್ಲೋವರ್, ಎಣ್ಣೆ ತುಂಬಿದ ಪಟ್ಟಿಗಳ ಹೀಟರ್. ಇದು ಕರೆಂಟ್ ಉಳಿಸುತ್ತದೆ, ಅದು ಹೆಚ್ಚು ತಿನ್ನುತ್ತದೆ ಎಂದು ಅಂಗಡಿಯವರು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಸಾವಿರ ವಾಟಿನ ಹೀಟರ್ ಯಾವುದೇ ಬಗೆಯದಿರಲಿ, ಒಂದು ತಾಸಿಗೆ ಒಂದು ಯೂನಿಟ್ ತೆಗೆದುಕೊಂಡು ಅಷ್ಟೇ ಶಾಖ ಕೊಡುತ್ತದೆ. ಬೇರೆಯಾಗುವುದು ಆ ಶಾಖ ಎಲ್ಲಿಗೆ ಹೋಗುತ್ತದೆ ಎಂಬುದು. ಕೆಂಪು ಕೊಳವೆಯದು ತನ್ನ ಎದುರಿಗೆ ಇದ್ದದ್ದನ್ನಷ್ಟೇ ಕಾಯಿಸುತ್ತದೆ, ನಿನ್ನ ಮೊಣಕಾಲು ಬೆಚ್ಚಗಾಗಿ ಬೆನ್ನು ತಣ್ಣಗೇ ಉಳಿಯುತ್ತದೆ. ಬ್ಲೋವರ್ ಗಾಳಿಯನ್ನು ಕಾಯಿಸುವುದರಿಂದ ಸಣ್ಣ ಖೋಲಿ ಬೇಗ ಬೆಚ್ಚಗಾಗುತ್ತದೆ, ಬಂದ್ ಮಾಡಿದರೆ ಬೇಗ ತಣ್ಣಗೂ ಆಗುತ್ತದೆ. ಎಣ್ಣೆಯದು ನಿಧಾನಕ್ಕೆ ಕಾದು ನಿಧಾನಕ್ಕೆ ಆರುತ್ತದೆ, ಬೆಲೆಯೂ ಹೆಚ್ಚು.

ನಿನ್ನ ಹತ್ತು ಅಡಿ ಉದ್ದ ಹತ್ತು ಅಡಿ ಅಗಲದ ಖೋಲಿಯಲ್ಲಿರುವ ಗಾಳಿಯನ್ನು ಏಳೆಂಟು ಡಿಗ್ರಿ ಏರಿಸಲು ಸಾವಿರ ವಾಟಿನ ಬ್ಲೋವರಿಗೆ ಐದಾರು ನಿಮಿಷ ಸಾಕು. ಉಳಿದ ಹೊತ್ತಿನಲ್ಲಿ ಅದು ಕಾಯಿಸುವುದು ಗೋಡೆಯನ್ನು, ನೆಲವನ್ನು, ಬಾಗಿಲ ಸಂದಿಯಿಂದ ಒಳಬರುವ ಗಾಳಿಯನ್ನು. ಮೇಲೆ ತಗಡಿದ್ದರಂತೂ ಶಾಖ ಅಲ್ಲಿಂದಲೇ ಹೊರಟುಹೋಗುತ್ತದೆ. ಆದ್ದರಿಂದ ಎರಡು ಸಾವಿರ ವಾಟಿನ ಗುಂಡಿ ಒತ್ತುವ ಮೊದಲು ಬಾಗಿಲ ಬುಡಕ್ಕೆ ಹಳೆಯ ಸೀರೆ ಸುತ್ತಿ ಇಡು, ಕಿಟಕಿಗೆ ದಪ್ಪ ಪರದೆ ಹಾಕು, ನೆಲಕ್ಕೆ ಜಮಖಾನೆ ಹಾಸು. ಮೇಲಿನ ಬೆಳಕಿಂಡಿಯನ್ನು ಮಾತ್ರ ಮುಚ್ಚಬೇಡ.

ನಿನಗೆ ನನ್ನ ಆಯ್ಕೆ ಹೇಳುವುದಾದರೆ ಬ್ಲೋವರ್. ಸಾವಿರ ಮತ್ತು ಎರಡು ಸಾವಿರ ವಾಟ್ ಎರಡೂ ಇರುವುದು, ಬಿದ್ದರೆ ತಾನೇ ಬಂದ್ ಆಗುವುದು, ವಿಪರೀತ ಕಾದರೆ ಕಟ್ ಆಗುವುದು, ಮೂರು ಪಿನ್ನಿನದು, ಐಎಸ್ಐ ಗುರುತಿನದು. ಕೂಸು ಇರುವ ಮನೆಯಲ್ಲಿ ಕೆಂಪಗೆ ಕಾಯುವ ಕೊಳವೆಯ ಹೀಟರ್ ಬೇಡವೇ ಬೇಡ. ಬಾಣಂತಿಯ ಖೋಲಿಯಲ್ಲಿ ಎಣ್ಣೆ ಹಚ್ಚಿದ ಅರಿವೆಗಳು ಇರುತ್ತವೆ, ಹೊರಸಿನಿಂದ ಕೌದಿ ನೆಲಕ್ಕೆ ಜೋತಾಡುತ್ತಿರುತ್ತದೆ. ಕೌದಿ ಅಂದರೆ ಹಳೆಯ ಹತ್ತಿ ಸೀರೆಗಳ ಹತ್ತಾರು ಪದರು. ಅದರ ಮೂಲೆ ಹೀಟರಿನ ಜಾಲಿಗೆ ತಾಗಿದರೆ ಥಟ್ಟನೆ ಹೊತ್ತಿ ಉರಿಯದೆ ಒಳಗೊಳಗೇ ಕನಲುತ್ತದೆ. ಮಲಗಿದವರಿಗೆ ಎಚ್ಚರವಾಗುವಷ್ಟರಲ್ಲಿ ಖೋಲಿ ತುಂಬ ಹೊಗೆ ಆಗಿರುತ್ತದೆ. ಯಾವ ಹೀಟರೇ ಆಗಲಿ, ಸುತ್ತ ಮೂರು ಅಡಿ ಜಾಗ ಖಾಲಿ ಇರಬೇಕು. ಕೂಸಿನ ಒದ್ದೆ ಬಟ್ಟೆಯನ್ನು ಅದರ ಮೇಲೆ ಒಣಗಿಸುವ ರೂಢಿ ಕೆಲವರಿಗಿದೆ, ಸೊಸೆಗೆ ಅದನ್ನು ಮೊದಲೇ ಹೇಳಿಬಿಡು.

ಬಳಸುವ ರೀತಿಯೂ ಸರಳ. ಕೂಸಿಗೆ ಎರೆಯುವ ಹದಿನೈದು ನಿಮಿಷ ಮುಂಚೆ ಬ್ಲೋವರ್ ಹಚ್ಚಿ, ಗಾಳಿ ಗೋಡೆಯ ಕಡೆ ಮುಖ ಮಾಡಿರಲಿ, ಕೂಸಿನ ಮೇಲೆ ನೇರ ಬೀಳಬಾರದು. ಖೋಲಿ ಬೆಚ್ಚಗಾದ ಮೇಲೆ ಬಂದ್ ಮಾಡಿ ಪ್ಲಗ್ಗು ಕಿತ್ತು, ಆಮೇಲೆ ನೀರು ಒಳಗೆ ತನ್ನಿ. ನೀರೂ ಹೀಟರೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಇರಬಾರದು. ರಾತ್ರಿ ಮಲಗುವ ಮುಂಚೆ ಅರ್ಧ ತಾಸು ಹಚ್ಚಿ, ಕಣ್ಣು ಎಳೆಯುವ ಮೊದಲೇ ಬಂದ್ ಮಾಡಿ. ಎಚ್ಚರವಿರುವ ಮನುಷ್ಯ ಖೋಲಿಯಲ್ಲಿ ಇಲ್ಲದಿದ್ದರೆ ಹೀಟರ್ ಉರಿಯಬಾರದು. ಕೂಸಿಗೆ ರಾತ್ರಿ ಬೇಕಾದದ್ದು ಕುಲಾವಿ, ಮೆತ್ತನೆಯ ಹತ್ತಿ ಬಟ್ಟೆ, ತಾಯಿಯ ಮೈಶಾಖ.

ಹೀಟರ್ ಖೋಲಿಯ ಆಮ್ಲಜನಕ ತಿಂದುಬಿಡುತ್ತದೆ ಎಂದು ಯಾರೋ ಹೆದರಿಸಿದ್ದಾರಂತೆ. ಕರೆಂಟಿನ ಹೀಟರಿನಲ್ಲಿ ಏನೂ ಉರಿಯುವುದಿಲ್ಲ, ತಂತಿ ಕಾಯುತ್ತದೆ ಅಷ್ಟೇ. ಗಾಳಿ ಕಾದಾಗ ಒಣಗಿದಂತಾಗಿ ಗಂಟಲು, ತುಟಿ ಒಣಗುತ್ತವೆ. ಹೊಸದಾಗಿ ಹಚ್ಚಿದಾಗ ಬರುವ ಸುಟ್ಟ ವಾಸನೆ ಕಾಯಿಲಿನ ಮೇಲೆ ಕುಳಿತ ಧೂಳಿನದು. ಐದು ನಿಮಿಷದಲ್ಲಿ ಹೋಗದಿದ್ದರೆ ಮಾತ್ರ ಬಂದ್ ಮಾಡಿ ಹಿಂದಿನ ಜಾಲಿಯ ಧೂಳು ತೆಗೆ.

ನಿಜವಾಗಿ ಉಸಿರು ಕಟ್ಟಿಸುವುದು ಕೆಂಡ. ಇದನ್ನು ನಿನ್ನ ಅಪ್ಪ-ಅವ್ವನಿಗೆ ಒತ್ತಿ ಹೇಳು, ಯಾಕೆಂದರೆ ಊರಲ್ಲಿ ಅಗ್ಗಿಷ್ಟಿಕೆ ಇನ್ನೂ ಇದೆ. ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುವ ಪದ್ಧತಿಯೂ ಪೂರ್ತಿ ಹೋಗಿಲ್ಲ. ಹಿಂದಿನ ಹೆಂಚಿನ ಮನೆಯಲ್ಲಿ ಸಂದಿಗೊಂದಿಯಿಂದ ಗಾಳಿ ಆಡುತ್ತಿತ್ತು. ಈಗಿನ ಸ್ಲ್ಯಾಬಿನ ಖೋಲಿಯಲ್ಲಿ ಬಾಗಿಲು ಹಾಕಿದರೆ ಗಾಳಿ ನಿಂತೇಹೋಯಿತು. ಕೆಂಡ ಹೊಗೆಯಾಡದಿದ್ದರೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮೊದಲು ತಲೆನೋವು, ತಲೆ ಸುತ್ತು, ವಾಕರಿಕೆ, ಆಮೇಲೆ ಮಂಪರು. ನಿದ್ದೆಯಲ್ಲಿದ್ದವನಿಗೆ ಈ ಯಾವ ಸೂಚನೆಯೂ ತಿಳಿಯುವುದಿಲ್ಲ. 2025ರ ನವೆಂಬರಿನಲ್ಲಿ ನಮ್ಮ ಬೆಳಗಾವಿಯ ಅಮನ್ ನಗರದಲ್ಲಿ ಚಳಿ ಎಂದು ಸಣ್ಣ ಖೋಲಿಯೊಳಗೆ ಇದ್ದಿಲು ಹೊತ್ತಿಸಿ ಬಾಗಿಲು ಹಾಕಿ ಮಲಗಿದ ಹುಡುಗರಲ್ಲಿ ಮೂವರು ಸತ್ತರು. ಇಪ್ಪತ್ತೆರಡು, ಇಪ್ಪತ್ಮೂರರ ವಯಸ್ಸಿನವರು. ಹಣದ ಉಳಿತಾಯಕ್ಕೆ ಕೆಂಡ ಇಡೋಣ ಎಂದು ಯಾರಾದರೂ ಅಂದರೆ ಈ ಸುದ್ದಿ ನೆನಪಿಸು. ಕೆಂಡ ಕಾಯಿಸಿಕೊಳ್ಳುವುದಿದ್ದರೆ ಅಂಗಳದಲ್ಲಿ, ಪಡಸಾಲೆಯ ಹೊರಗೆ. ಮಲಗುವ ಖೋಲಿಯಲ್ಲಿ ಬೂದಿ ಮುಚ್ಚಿದ ಕೆಂಡವೂ ಬೇಡ.

ಇನ್ನು ನೀರು ಕಾಸುವ ಕಾಯಿಲ್. ಖರ್ಚಿನ ದೃಷ್ಟಿಯಿಂದ ಇದರಷ್ಟು ಅಗ್ಗದ್ದು ಬೇರೆ ಇಲ್ಲ, ಜೀವಕ್ಕೆ ಇದರಷ್ಟು ಹತ್ತಿರದ ಅಪಾಯವೂ ಮನೆಯಲ್ಲಿ ಬೇರೆ ಇಲ್ಲ. ಅದಕ್ಕೇ ಇದರ ಬಗ್ಗೆ ಹೆಚ್ಚು ಹೇಳುತ್ತೇನೆ.

ಇಪ್ಪತ್ತು ಲೀಟರಿನ ಬಕೀಟು, ನಸುಕಿನ ನೀರು ಇಪ್ಪತ್ತು ಡಿಗ್ರಿ ಇದೆ ಎಂದುಕೋ. ಜಳಕಕ್ಕೆ ನಲವತ್ತೈದು ಡಿಗ್ರಿ ಆದರೆ ಸಾಕು, ಅದೇ ಸುಡುಸುಡು ಅನ್ನಿಸುತ್ತದೆ. ಇದಕ್ಕೆ ಬೇಕಾಗುವುದು ಸುಮಾರು 0.6 ಯೂನಿಟ್, ಬಕೀಟಿನಿಂದ ಹೊರಗೆ ಹೋಗುವ ಶಾಖ ಸೇರಿಸಿ 0.65 ಹಿಡಿ. ಸಾವಿರದೈನೂರು ವಾಟಿನ ಕಾಯಿಲಿಗೆ ಇಪ್ಪತ್ತಾರು ನಿಮಿಷದ ಕೆಲಸ. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ಒಂದು ಬಕೀಟಿಗೆ ನಾಲ್ಕೂವರೆ ರೂಪಾಯಿ. ಮರೆತು ಮುಕ್ಕಾಲು ತಾಸು ಬಿಟ್ಟು, ವಿಪರೀತ ಕಾದ ನೀರಿಗೆ ತಣ್ಣೀರು ಬೆರೆಸಿ ಚೆಲ್ಲಿದರೆ ಅದೇ ಬಕೀಟು ಎಂಟು ರೂಪಾಯಿ ಆಗುತ್ತದೆ. ಆದ್ದರಿಂದ ಮೊಬೈಲಿನಲ್ಲಿ ಇಪ್ಪತ್ತೈದು ನಿಮಿಷದ ಅಲಾರಂ ಇಟ್ಟುಕೋ.

ಊರಲ್ಲಿ ನಿನ್ನ ಅವ್ವ ಒಂದು ಮಾತು ಹೇಳುತ್ತಿರುತ್ತಾಳೆ, ವೋಲ್ಟೇಜ್ ಕಡಿಮೆ ಇದ್ದಾಗ ಕಾಯಿಲ್ ಹೆಚ್ಚು ಕರೆಂಟ್ ತಿನ್ನುತ್ತದೆ ಎಂದು. ವೋಲ್ಟೇಜ್ 230ರಿಂದ 190ಕ್ಕೆ ಇಳಿದರೆ ಸಾವಿರದೈನೂರರ ಕಾಯಿಲ್ ಸಾವಿರ ವಾಟಿನಷ್ಟೇ ಕೆಲಸ ಮಾಡುತ್ತದೆ. ಇಪ್ಪತ್ತಾರರ ಬದಲು ನಲವತ್ತು ನಿಮಿಷ ಹಿಡಿಯಬಹುದು, ಯೂನಿಟ್ ಮಾತ್ರ ಹೆಚ್ಚುಕಡಿಮೆ ಅಷ್ಟೇ. ತಡವಾಯಿತು ಎಂದು ದೊಡ್ಡ ಕಾಯಿಲ್ ತಂದರೆ ವೋಲ್ಟೇಜ್ ಸರಿಯಾದ ದಿನ ಹಳೆಯ ವೈರು ತಡೆಯುವುದಿಲ್ಲ.

ಈಗ ಕಾಯಿಲ್ ಕೊಲ್ಲುವುದು ಹೇಗೆ ಎಂದು ಕೇಳು. ಹೊರಗೆ ಕಾಣುವುದು ತಾಮ್ರದ ಕೊಳವೆ, ಅದರ ಒಳಗೆ ಕಾಯುವ ತಂತಿ, ಎರಡರ ನಡುವೆ ಒತ್ತಿ ತುಂಬಿದ ಬಿಳಿ ಪುಡಿ. ಆ ಪುಡಿಯೇ ಕರೆಂಟ್ ಹೊರಬರದಂತೆ ತಡೆಯುವುದು. ಕೊಳವೆ ಎಲ್ಲಾದರೂ ಸೀಳಿದರೆ ನೀರು ಒಳಗೆ ಇಳಿದು ಪುಡಿ ಒದ್ದೆಯಾಗುತ್ತದೆ, ಕರೆಂಟ್ ಕೊಳವೆಗೂ ಬಕೀಟಿನ ನೀರಿಗೂ ಬರುತ್ತದೆ. ನೀರು ಕಾಯುವುದು ಮಾತ್ರ ನಿಲ್ಲುವುದಿಲ್ಲ. ನೋಡಿದರೆ ಎಲ್ಲ ಸರಿ ಇದೆ ಅನ್ನಿಸುತ್ತದೆ, ಕೈ ಅದ್ದಿದಾಗಲೇ ಗೊತ್ತಾಗುವುದು. ಬಚ್ಚಲಲ್ಲಿ ಕಾಲು ಒದ್ದೆ, ನೆಲ ಒದ್ದೆ, ಮೈಯಿಂದ ಭೂಮಿಗೆ ಕರೆಂಟ್ ಸಲೀಸಾಗಿ ಹರಿದುಹೋಗುತ್ತದೆ.

ಕೊಳವೆ ಸೀಳುವುದಕ್ಕೆ ನಮ್ಮ ಕಡೆ ಎರಡು ಕಾರಣ. ಒಂದು, ನೀರಿಲ್ಲದೆ ಹಚ್ಚುವುದು. ಮೊದಲು ಸ್ವಿಚ್ ಹಾಕಿ ಆಮೇಲೆ ಬಕೀಟಿಗೆ ಇಳಿಬಿಡುವವರಿದ್ದಾರೆ. ಕೆಂಪಗೆ ಕಾದ ಕೊಳವೆ ತಣ್ಣೀರಿಗೆ ಬಿದ್ದಾಗ ಸೀಳು ಬಿಡುತ್ತದೆ. ಎರಡನೆಯದು ಸವಳು ನೀರು. ಬೋರಿನ ನೀರು ಕಾದಾಗ ಕೊಳವೆಯ ಮೇಲೆ ಬಿಳಿ ಸುಣ್ಣದ ಪದರು ಕೂಡುತ್ತದೆ. ಪದರು ದಪ್ಪವಾದಷ್ಟೂ ಶಾಖ ನೀರಿಗೆ ಇಳಿಯುವುದು ತಡವಾಗಿ ಕೊಳವೆ ಒಳಗೇ ಬೇಯುತ್ತದೆ. ನೀರು ಮೊದಲಿಗಿಂತ ತಡವಾಗಿ ಕಾಯುತ್ತಿದೆ, ಕಾಯಿಲಿನಿಂದ ಚಟಚಟ ಸದ್ದು ಬರುತ್ತಿದೆ ಅಂದರೆ ಪದರು ಕೂತಿದೆ ಎಂದೇ ತಿಳಿ. ಪ್ಲಗ್ಗು ಕಿತ್ತು, ಪೂರ್ತಿ ಆರಿದ ಮೇಲೆ, ಸುರುಳಿಯ ಭಾಗವನ್ನಷ್ಟೇ ವಿನೆಗರ್ ಅಥವಾ ಲಿಂಬೆರಸ ಬೆರೆಸಿದ ನೀರಿನಲ್ಲಿ ಕೆಲವು ತಾಸು ನೆನೆಹಾಕಿ ಬಟ್ಟೆಯಿಂದ ತಿಕ್ಕಿದರೆ ಬಿಡುತ್ತದೆ. ಚಾಕುವಿನಿಂದ ಕೆರೆಯಬಾರದು. ಕೊಳವೆಯ ಮೇಲೆ ಹಸಿರು ಕಲೆ, ಉಬ್ಬು, ಸೂಜಿಮೊನೆಯಷ್ಟು ತೂತು ಏನು ಕಂಡರೂ ರಿಪೇರಿ ಮಾಡಿಸಬೇಡ, ಗುಜರಿಗೆ ಹಾಕು. ಕಾಯಿಲ್ ಬೆಲೆ ಎಷ್ಟೆಂದು ನಿನಗೇ ಗೊತ್ತು.

ಹೊಸದು ತರುವಾಗ ಐಎಸ್ 368 ಎಂಬ ಅಂಕಿ ಮತ್ತು ಐಎಸ್ಐ ಗುರುತು ಎರಡೂ ಇವೆಯೇ ನೋಡು. ಮೂರು ಪಿನ್ನಿನದೇ ಆಗಿರಬೇಕು. ಸಂತೆಯಲ್ಲಿ ಎರಡು ಪಿನ್ನಿನ ಹಗುರ ಕಾಯಿಲ್ ಸಿಗುತ್ತದೆ, ಪುಕ್ಕಟೆ ಕೊಟ್ಟರೂ ತರಬೇಡ. ದಪ್ಪ ಪ್ಲಾಸ್ಟಿಕ್ ಬಕೀಟು ಬಳಸು, ಕಬ್ಬಿಣದ್ದೂ ತಾಮ್ರದ್ದೂ ಬೇಡ. ಲೋಹದ ಬಕೀಟಿಗೆ ಕರೆಂಟ್ ಬಂದರೆ ಹೊರಗಿನಿಂದ ಮುಟ್ಟಿದವರಿಗೂ ಹೊಡೆಯುತ್ತದೆ, ಅಂಬೆಗಾಲಿಡುವ ಕೂಸು ಮೊದಲು ಹಿಡಿಯುವುದೇ ಬಕೀಟಿನ ಅಂಚು. ಬಕೀಟಿನ ಮೇಲೆ ಒಣಗಿದ ಕಟ್ಟಿಗೆ ಅಡ್ಡ ಇಟ್ಟು ಕಾಯಿಲನ್ನು ನಟ್ಟನಡುವೆ ನೇತುಹಾಕು, ಗೋಡೆಗೆ ತಾಗಿದರೆ ಪ್ಲಾಸ್ಟಿಕ್ ಕರಗುತ್ತದೆ. ಕಾಯಿಲಿನ ಮೇಲೆ ನೀರು ಎಲ್ಲಿಂದ ಎಲ್ಲಿಯವರೆಗೆ ಇರಬೇಕು ಎಂಬ ಎರಡು ಗೆರೆಗಳಿರುತ್ತವೆ, ನೀರು ಅವುಗಳ ನಡುವೆ ಇರಲಿ. ಮೇಲಿನ ಗೆರೆ ದಾಟಿದರೆ ವೈರು ಸೇರುವ ಜಾಗಕ್ಕೇ ನೀರು ನುಗ್ಗುತ್ತದೆ.

ಮಾಡುವ ಕ್ರಮ ಹೀಗೆ: ಬಕೀಟಿಗೆ ನೀರು ತುಂಬಬೇಕು, ಕಾಯಿಲ್ ಇಳಿಬಿಡಬೇಕು, ಆಮೇಲೆ ಪ್ಲಗ್ಗು ಚುಚ್ಚಿ ಕೊನೆಗೆ ಸ್ವಿಚ್. ತೆಗೆಯುವಾಗ ಸ್ವಿಚ್ ಬಂದ್, ಪ್ಲಗ್ಗನ್ನು ಕೈಯಿಂದ ಕಿತ್ತು ಕಣ್ಣಿಗೆ ಕಾಣುವಂತೆ ಹೊರಗಿಡು, ಅರ್ಧ ನಿಮಿಷ ತಾಳು, ಆಮೇಲೆ ಕಾಯಿಲ್ ಎತ್ತಿ ನೀರು ಮುಟ್ಟು. ಬರೀ ಸ್ವಿಚ್ ಬಂದ್ ಮಾಡಿದರೆ ಯಾಕೆ ಸಾಲದು ಅಂದರೆ, ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ಫೇಸಿಗೆ ಹಾಕದೆ ನ್ಯೂಟ್ರಲ್ಲಿಗೆ ಹಾಕಿರುವುದು ನನಗೆ ಎಷ್ಟೋ ಕಡೆ ಸಿಕ್ಕಿದೆ. ಅಲ್ಲಿ ಸ್ವಿಚ್ ಬಂದ್ ಇದ್ದರೂ ಕಾಯಿಲಿಗೆ ಕರೆಂಟ್ ಬಂದು ನಿಂತಿರುತ್ತದೆ. ನೀರು ಕಾದಿದೆಯೇ ಎಂದು ಬೆರಳು ಅದ್ದಿ ನೋಡುವುದು ಹೆಂಗಸರ ಕೈಗೆ ಅಂಟಿದ ರೂಢಿ, ನಿಲ್ಲಿಸಬೇಕಾದ ಮೊದಲ ರೂಢಿ ಅದೇ. ಕಾಯಿಲ್ ಹಚ್ಚಿದಾಗ ಬಚ್ಚಲ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿರಲಿ.

ಮೂಡಲಗಿಯ ನಿನ್ನ ತಂಗಿಯ ಖೋಲಿಗೆ ನಾನು ಹೋಗಿದ್ದೆ. ನಾಲ್ವರು ಹುಡುಗಿಯರು, ಒಂದು ಎಕ್ಸ್‌ಟೆನ್ಶನ್ ಬಾಕ್ಸು. ಅದರಲ್ಲೇ ಮೊಬೈಲು, ಇಸ್ತ್ರಿ ಪೆಟ್ಟಿಗೆ, ಕಾಯಿಲ್ ಎಲ್ಲ. ಉಳಿದ ವೈರನ್ನು ಸುರುಳಿ ಸುತ್ತಿ ಹಾಸಿಗೆಯ ಕೆಳಗೆ ತಳ್ಳಿದ್ದರು. ಬಾಕ್ಸು ಕೈಯಲ್ಲಿ ಹಿಡಿದು ನೋಡಿದರೆ ಒಂದು ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ ಹಳದಿಯಾಗಿ ನಡುವೆ ಕಂದು ತಿರುಗಿತ್ತು, ಪಿನ್ನು ಸಡಿಲವಾಗಿ ಅಲ್ಲಾಡುತ್ತಿತ್ತು. ಸಡಿಲ ಪಿನ್ನಿನ ಸಂದಿಯಲ್ಲಿ ಕಿಡಿ ಹಾರಿ ಹಾರಿ ಹಾಗೆ ಆಗುವುದು. ಆ ಬಾಕ್ಸನ್ನು ಅಲ್ಲೇ ಕತ್ತರಿಸಿ ಎಸೆದು ಬಂದೆ.

ಲೆಕ್ಕ ತಿಳಿದುಕೋ. ಸಾವಿರ ವಾಟಿಗೆ ನಾಲ್ಕು ಚಿಲ್ಲರೆ ಆಂಪಿಯರ್, ಸಾವಿರದೈನೂರಕ್ಕೆ ಆರೂವರೆ, ಎರಡು ಸಾವಿರಕ್ಕೆ ಹೆಚ್ಚುಕಡಿಮೆ ಒಂಬತ್ತು. ಬಲ್ಬಿನ ಬೋರ್ಡಿನಲ್ಲಿರುವ ಸಣ್ಣ ಸಾಕೆಟ್ ಆರು ಆಂಪಿಯರಿನದು. ಎಕ್ಸ್‌ಟೆನ್ಶನ್ ಬಾಕ್ಸಿನ ತೂತುಗಳೂ ಸಾಮಾನ್ಯವಾಗಿ ಅಷ್ಟೇ. ಹಾಗಾಗಿ ಕಾಯಿಲಿಗೂ ಎರಡು ಸಾವಿರದ ಬ್ಲೋವರಿಗೂ ದಪ್ಪ ಪಿನ್ನಿನ ಹದಿನಾರು ಆಂಪಿಯರ್ ಪಾಯಿಂಟೇ ಬೇಕು, ಅದಕ್ಕೆ ಮೇನ್ ಬೋರ್ಡಿನಿಂದ ಬೇರೆ ವೈರು ಎಳೆದಿರಬೇಕು. ಎರಡನ್ನೂ ಒಟ್ಟಿಗೆ ಹಚ್ಚಬೇಡ. ದಪ್ಪ ಪಿನ್ನನ್ನು ಸಣ್ಣ ಸಾಕೆಟ್ಟಿಗೆ ಸೇರಿಸುವ ಅಡಾಪ್ಟರ್ ಸಿಗುತ್ತದೆ, ಅದನ್ನು ಮನೆಗೇ ತರಬೇಡ. ಹೀಟರ್ ಹಚ್ಚಿ ಹದಿನೈದು ನಿಮಿಷದ ಮೇಲೆ ಬಂದ್ ಮಾಡಿ ಪ್ಲಗ್ಗು ಕಿತ್ತು ಅದರ ಮೈ ಮುಟ್ಟಿ ನೋಡು. ಉಗುರುಬೆಚ್ಚಗಿದ್ದರೆ ಸರಿ. ಹಿಡಿಯಲಾರದಷ್ಟು ಬಿಸಿಯಾಗಿದ್ದರೆ, ಸಾಕೆಟ್ಟಿನಿಂದ ಚರ್ ಸದ್ದು ಅಥವಾ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದಿದ್ದರೆ ವೈರ್‌ಮನ್ ಬರುವವರೆಗೆ ಆ ಪಾಯಿಂಟ್ ಮುಟ್ಟಬೇಡ.

ಮೇನ್ ಬೋರ್ಡಿನಲ್ಲಿ ಎಂಸಿಬಿ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಇರಬೇಡ. ಎಂಸಿಬಿ ಕಾಯುವುದು ವೈರನ್ನು. ಹದಿನಾರು ಆಂಪಿಯರ್ ದಾಟಿದಾಗ ಬೀಳುವ ಎಂಸಿಬಿಗೆ ಮನುಷ್ಯನ ಎದೆ ನಿಲ್ಲಿಸುವ ಕರೆಂಟ್ ಲೆಕ್ಕಕ್ಕೇ ಸಿಗುವುದಿಲ್ಲ, ಅದು ಆಂಪಿಯರಿನ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ, ಮೂವತ್ತು ಮಿಲಿ ಆಂಪಿಯರಿನದು. ಕರೆಂಟ್ ಹೋದಷ್ಟೇ ವಾಪಸು ಬರಬೇಕು. ನೀರಿಗೋ ಮೈಗೋ ಸ್ವಲ್ಪ ಸೋರಿದರೂ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ ಮಾಡುತ್ತದೆ. ಒಂದೆರಡು ಸಾವಿರದ ಬಾಬ್ತು. ಮನೆಮಾಲಕರು ಹಾಕಿಸದಿದ್ದರೆ ನೀನೇ ಹಾಕಿಸು, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಅದರ ಮೇಲೆ ಟಿ ಎಂಬ ಗುಂಡಿ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ ನೋಡು. ಒತ್ತಿದಾಗ ಬೀಳದಿದ್ದರೆ ಅದು ಸತ್ತಿದೆ ಎಂದು ಅರ್ಥ. ಆರ್‌ಸಿಸಿಬಿ ಹಾಕಿಸಿದ ಮೇಲೆ ಕಾಯಿಲ್ ಹಚ್ಚಿದಾಗಲೆಲ್ಲ ಬೀಳುತ್ತಿದ್ದರೆ ಅದನ್ನು ಬೈದು ತೆಗೆಸುವವರಿದ್ದಾರೆ. ದೋಷ ಕಾಯಿಲಿನಲ್ಲಿದೆ, ಕಾಯಿಲನ್ನು ಎಸೆ.

ಅರ್ಥಿಂಗ್ ಬಗ್ಗೆಯೂ ಕೇಳಿಕೋ. ಸಾಕೆಟ್ಟಿನಲ್ಲಿ ಮೂರನೆಯ ತೂತು ಇದ್ದ ಮಾತ್ರಕ್ಕೆ ಅದರ ಹಿಂದೆ ವೈರು ಇದೆ ಎಂದಲ್ಲ. ವೈರ್‌ಮನ್ ಬಂದಾಗ ಫೇಸು ಮತ್ತು ಅರ್ಥಿನ ನಡುವೆ ಟೆಸ್ಟ್ ಲ್ಯಾಂಪ್ ಹಿಡಿದು ತೋರಿಸಲು ಹೇಳು. ಫೇಸು-ನ್ಯೂಟ್ರಲ್ ನಡುವೆ ಉರಿದಷ್ಟೇ ಪ್ರಕಾಶವಾಗಿ ಉರಿಯಬೇಕು. ಮಂದವಾಗಿ ಉರಿದರೆ ಅರ್ಥ್ ಗುಂಡಿ ಒಣಗಿದೆ, ಉರಿಯದಿದ್ದರೆ ಅರ್ಥೇ ಇಲ್ಲ. ಆರ್‌ಸಿಸಿಬಿ ಈಗಾಗಲೇ ಇದ್ದರೆ ಈ ಪರೀಕ್ಷೆಗೆ ಅದು ಬೀಳುತ್ತದೆ, ಅದೂ ಒಳ್ಳೆಯ ಸೂಚನೆಯೇ. ನೀನಾಗಿ ಲ್ಯಾಂಪ್ ಹಿಡಿಯಲು ಹೋಗಬೇಡ.

ಇನ್ನು ಬಿಲ್ಲು. ನಿನ್ನ ಖೋಲಿಗೆ ಗೃಹಜ್ಯೋತಿ ಇದೆ ಎಂದೆ. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ಇನ್ನೂರು ಯೂನಿಟ್ ಪುಕ್ಕಟೆ ಎಂದು ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಪ್ರತಿ ಮೀಟರಿಗೆ 2022-23ರ ಸರಾಸರಿಯ ಮೇಲೆ ಹತ್ತು ಪರ್ಸೆಂಟ್ ಸೇರಿಸಿ ಒಂದು ಮಿತಿ ಇಟ್ಟಿರುತ್ತಾರೆ, ಬಹಳ ಕಡಿಮೆ ಬಳಸುತ್ತಿದ್ದವರಿಗೆ ಆಮೇಲೆ ಪರ್ಸೆಂಟಿನ ಬದಲು ಹತ್ತು ಯೂನಿಟ್ ಸೇರಿಸಿದರು. ಆ ಮಿತಿ ದಾಟಿ ಇನ್ನೂರರ ಒಳಗಿದ್ದರೆ ಹೆಚ್ಚಿನ ಯೂನಿಟ್ಟಿಗಷ್ಟೇ ದುಡ್ಡು. ಇನ್ನೂರು ದಾಟಿದರೆ ಆ ತಿಂಗಳ ಬಿಲ್ಲು ಪೂರ್ತಿ ನಿನ್ನದೇ.

ನಿನ್ನ ಮೀಟರಿನ ಮಿತಿ 88 ಎಂದುಕೋ, ಬಲ್ಬು ಫ್ಯಾನು ಟಿವಿಗೆ 85 ಹೋಗುತ್ತದೆ. ದಿನಕ್ಕೆ ಮೂರು ಬಕೀಟು ನೀರು ಕಾಸಿದರೆ ತಿಂಗಳಿಗೆ 60. ಬ್ಲೋವರನ್ನು ಎರಡು ಸಾವಿರ ವಾಟಿನಲ್ಲಿ ದಿನಾ ಮೂರು ತಾಸು ಹಚ್ಚಿದೆಯೋ, ತಿಂಗಳಿಗೆ 180 ಅದೊಂದಕ್ಕೇ. ಒಟ್ಟು 325. ಇನ್ನೂರು ದಾಟಿತು. 2025-26ರ ದರ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, ಅದರ ಮೇಲೆ 36 ಪೈಸೆಯ ಸರ್ಚಾರ್ಜು, 9 ಪರ್ಸೆಂಟ್ ತೆರಿಗೆ, ನಿಗದಿತ ಶುಲ್ಕ, ಎಲ್ಲ ಸೇರಿ ಎರಡು ಸಾವಿರದ ಮುನ್ನೂರರ ಆಸುಪಾಸು ಬರುತ್ತದೆ. ಅದೇ ಬ್ಲೋವರನ್ನು ಸಾವಿರ ವಾಟಿನಲ್ಲಿ ದಿನಕ್ಕೆ ಒಂದು ತಾಸು, ಕೂಸಿನ ಜಳಕಕ್ಕೆ ಸ್ವಲ್ಪ, ರಾತ್ರಿ ಸ್ವಲ್ಪ ಹಚ್ಚಿದರೆ ಅದಕ್ಕೆ 30. ಒಟ್ಟು 175, ಮಿತಿಯ ಮೇಲಿನ 87 ಯೂನಿಟ್ಟಿಗೆ ಆರುನೂರರ ಒಳಗೆ ಬಿಲ್ಲು. ನೀರು ಕಾಸಿದ್ದು ಎರಡೂ ಕಡೆ ಅಷ್ಟೇ ಎಂಬುದು ಗಮನಿಸು. ಮನೆಯವರು ಬಿಲ್ಲಿನ ಸಿಟ್ಟನ್ನು ಕಾಯಿಲಿನ ಮೇಲೆ ತೀರಿಸುತ್ತಾರೆ, ಬಿಲ್ಲು ಏರಿಸುವುದು ಖೋಲಿಯ ಹೀಟರ್.

ತಿಂಗಳು ಮುಗಿಯುವವರೆಗೆ ಕಾಯಬೇಕಿಲ್ಲ. ಬಿಲ್ಲಿನಲ್ಲಿ ಹಿಂದಿನ ರೀಡಿಂಗ್ ಇರುತ್ತದೆ, ಮೀಟರಿನಲ್ಲಿ kWh ಎಂದು ತೋರುವ ಅಂಕಿಯಿಂದ ಅದನ್ನು ಕಳೆ. ಹದಿನೈದನೆಯ ದಿನಕ್ಕೆ ನೂರು ದಾಟಿದ್ದರೆ ಬ್ಲೋವರ್ ಕಡಿಮೆ ಮಾಡಬೇಕು ಎಂದರ್ಥ. ಮೀಟರಿನ ಮೇಲೆ ಕೆಂಪು ದೀಪ ಮಿಣುಕುತ್ತಿರುತ್ತದೆ, ಪಕ್ಕದಲ್ಲಿ 3200 imp/kWh ಎಂಬಂಥ ಬರಹ ಇರುತ್ತದೆ. ಒಂದು ಯೂನಿಟ್ಟಿಗೆ ಅಷ್ಟು ಸಲ ಮಿಣುಕುತ್ತದೆ ಎಂದು ಅದರ ಅರ್ಥ. ಮನೆಯ ಎಲ್ಲವನ್ನೂ ಬಂದ್ ಮಾಡಿ ಬ್ಲೋವರ್ ಒಂದನ್ನೇ ಸಾವಿರದಲ್ಲಿ ಹಚ್ಚಿ ಎಣಿಸು. ನಿಮಿಷಕ್ಕೆ ಐವತ್ತಮೂರರ ಸುತ್ತ ಬರಬೇಕು. ವೋಲ್ಟೇಜ್ ಇಳಿದಿದ್ದರೆ ಕಡಿಮೆ ಬರುತ್ತದೆ. ಎಪ್ಪತ್ತು ಎಂಬತ್ತು ಬಂದರೆ ಆ ಗುಂಡಿಯ ಮೇಲೆ ಬರೆದಿರುವ ವಾಟ್ ಸುಳ್ಳು, ಇಲ್ಲವೇ ಪಕ್ಕದ ಖೋಲಿಯವರ ವೈರು ನಿನ್ನ ಮೀಟರಿಗೆ ಸೇರಿದೆ. ಎಲ್ಲ ಬಂದ್ ಇದ್ದಾಗಲೂ ದೀಪ ಮಿಣುಕುತ್ತಿದ್ದರೆ ಎರಡನೆಯದೇ ಇರಬಹುದು.

ಮೀಟರಿನ ದೂರಿಗೆ ನೀನು ಹೋಗಬೇಕಾದದ್ದು ಹೆಸ್ಕಾಂ ಕಚೇರಿಗೆ. ಅಪ್ಪ-ಅವ್ವನ ಊರಿನದು ಬೇರೆ. ಹುಕ್ಕೇರಿ ತಾಲ್ಲೂಕಿಗೆ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ಕರೆಂಟ್ ಕೊಡುತ್ತಿದೆ, ರಾಜ್ಯದಲ್ಲಿ ಇಂಥ ಸಂಘ ಇದೊಂದೇ. ಗೃಹಜ್ಯೋತಿ ಅಲ್ಲಿಗೂ ಇದೆ. ಕಂಬದಿಂದ ಮನೆಗೆ ಬಂದ ಸರ್ವಿಸ್ ವೈರು ಸಡಿಲವಾಗಿ ಬಲ್ಬು ಮಂದವಾಗಿ, ಒಮ್ಮೊಮ್ಮೆ ಝಗ್ ಎಂದು ಉರಿಯುತ್ತಿದ್ದರೆ ಅದು ನ್ಯೂಟ್ರಲ್ ಬಿಡುತ್ತಿರುವ ಲಕ್ಷಣ. ಆ ಸ್ಥಿತಿಯಲ್ಲಿ ಕಾಯಿಲ್ ಹಚ್ಚದೆ ಅಪ್ಪನಿಗೆ ಸಂಘದ ಕಚೇರಿಗೆ ತಿಳಿಸಲು ಹೇಳು.

ಕೊನೆಯದಾಗಿ ಒಂದು, ದೇವರು ಆ ಹೊತ್ತು ತರದಿರಲಿ. ಯಾರಿಗಾದರೂ ಬಚ್ಚಲಲ್ಲಿ ಕರೆಂಟ್ ಹಿಡಿದರೆ ಓಡಿಹೋಗಿ ಅವರನ್ನು ಹಿಡಿಯಬೇಡ, ಬಕೀಟಿನ ನೀರನ್ನೂ ಮೆಟ್ಟಬೇಡ. ಮೊದಲು ಮೇನ್ ಬಂದ್ ಮಾಡು. ಮೇನ್ ದೂರವಿದ್ದರೆ ಒಣ ಚಾಪೆಯೋ ಹಲಗೆಯೋ ಹಾಸಿ ಅದರ ಮೇಲೆ ನಿಂತು ಒಣ ಕಟ್ಟಿಗೆಯಿಂದ ವೈರನ್ನು ಅವರಿಂದ ದೂರ ತಳ್ಳು. ಉಸಿರಾಡದಿದ್ದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ ನೂರಕ್ಕಿಂತ ಸ್ವಲ್ಪ ಹೆಚ್ಚು ಸಲ ಜೋರಾಗಿ ಒತ್ತುತ್ತಾ ಇರು, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಎದ್ದು ಕೂತು "ಏನೂ ಆಗಿಲ್ಲ" ಅಂದರೂ ಆಸ್ಪತ್ರೆಗೆ ಒಯ್ದು ಇಸಿಜಿ ಮಾಡಿಸು, ಎದೆಯ ಬಡಿತ ಆಮೇಲೂ ತಪ್ಪಬಹುದು. ಮೇನ್ ಸ್ವಿಚ್ ಎಲ್ಲಿದೆ ಎಂದು ಸೊಸೆ ಬಂದ ದಿನವೇ ಅವಳ ಕೈಯಿಂದಲೇ ಒಮ್ಮೆ ಬಂದ್ ಮಾಡಿಸಿ ತೋರಿಸು. ನಿಮ್ಮ ವಠಾರದಲ್ಲಿ ಮೆಟ್ಟಿಲ ಕೆಳಗಿನ ಪೆಟ್ಟಿಗೆಗೆ ಬೀಗ ಹಾಕುತ್ತಾರೆ ಎಂದಿದ್ದೆ, ಅದರ ಒಂದು ಕೀಲಿಯನ್ನು ಮಾಲಕರಿಂದ ಈ ವಾರವೇ ಕೇಳಿ ತೆಗೆದುಕೋ.

ನಿನ್ನ ದೊಡ್ಡಪ್ಪ